ಕೊಲೋಸಿಯಂ ಗೋಡೆಯ ತೂತುಗಳು

ಕೊಲೋಸಿಯಂ ನೋಡಿದ ಮೇಲೆ ನನ್ನನ್ನು ಬಿಡದೆ ಕಾಡಿದ್ದು ಅದರ ಗಾತ್ರವಲ್ಲ, ಅದರ ಮೈಮೇಲಿನ ತೂತುಗಳು. ಫೋಟೋಗಳಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ. ಗೋಡೆಯ ಬುಡದಲ್ಲಿ ನಿಂತು ಕತ್ತೆತ್ತಿದರೆ ಮಾತ್ರ ಇಡೀ ಕಟ್ಟಡಕ್ಕೆ ಸಿಡುಬು ಬಂದು ಹೋದ ಹಾಗೆ ಗುಳಿ ಬಿದ್ದಿರುವುದು ಗೊತ್ತಾಗುತ್ತದೆ. ನಮ್ಮ ಗೈಡ್ ಅದಕ್ಕೆ ಒಂದೇ ವಾಕ್ಯದ ಉತ್ತರ ಕೊಟ್ಟು ಮುಂದೆ ನಡೆದರು. ಕಲ್ಲುಗಳನ್ನು ಒಂದಕ್ಕೊಂದು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಕೆತ್ತಿ ತೆಗೆದುಕೊಂಡು ಹೋದರು, ಅದರ ಗುರುತು ಇದು ಎಂದರು. ಉತ್ತರ ಸರಿಯಾದದ್ದೇ. ಆದರೆ ನಮ್ಮ ಜೊತೆ ಬಂದಿದ್ದ ಭಾವ ಮೂವತ್ತು ವರ್ಷ ಕಟ್ಟಡ ಕಟ್ಟಿಸಿದವರು, ಅವರು ಅಲ್ಲಿಂದ ಕದಲಲಿಲ್ಲ. ಗೋಡೆಯ ನೆತ್ತಿಯ ಕಡೆ ಕೈ ತೋರಿಸಿ, "ಕೆಳಗಿನವು ಕಿತ್ತ ತೂತು ಕಣಯ್ಯ, ಒಂದು ಲೆಕ್ಕ ಇಲ್ಲ. ಅಲ್ಲಿ ಮೇಲೆ ನೋಡು, ಒಂದೇ ಅಂತರದಲ್ಲಿ ಸಾಲಾಗಿ ಇವೆ. ಅವನ್ನ ಕಟ್ಟುವಾಗಲೇ ಬಿಟ್ಟಿದ್ದಾರೆ" ಎಂದರು.

ಆ ಮಾತಿನ ನಂತರ ನಾನು ಆ ಕಟ್ಟಡವನ್ನು ನೋಡುವ ರೀತಿಯೇ ಬದಲಾಯಿತು. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ನೂರು ದಿನಗಳ ಆಟದೊಂದಿಗೆ ಉದ್ಘಾಟಿಸಿದ ಆ ಅಂಡಾಕಾರದ ರಂಗಭೂಮಿಯಲ್ಲಿ ಜನರನ್ನು ಸಾಗಿಸಿದ್ದು, ಬಿಸಿಲು ತಡೆದಿದ್ದು, ನೆಲದಡಿಯಿಂದ ಮೃಗಗಳನ್ನು ಮೇಲೆತ್ತಿದ್ದು ಇವೆಲ್ಲ ಮರ, ಹಗ್ಗ, ಬಟ್ಟೆ ಮತ್ತು ಮನುಷ್ಯರ ತೋಳುಗಳಿಂದ ನಡೆದ ಕೆಲಸ. ಅವುಗಳಲ್ಲಿ ಯಾವುದೂ ಇವತ್ತು ಉಳಿದಿಲ್ಲ. ಮರ ಸಿಕ್ಕಿಸಲು ಕೊರೆದ ಕಲ್ಲು ಮಾತ್ರ ಉಳಿದಿದೆ. ಅಲ್ಲಿ ನಡೆದ ಕೆಲಸ ಏನೆಂದು ತಿಳಿಯಬೇಕಾದರೆ ಈ ತೂತುಗಳನ್ನೇ ಕೇಳಬೇಕು.

ಬಾಗಿಲಿನ ಮೇಲಿನ ಅಂಕಿ

ನೆಲಮಟ್ಟದಲ್ಲಿ 80 ಕಮಾನುಗಳು. ಅವುಗಳಲ್ಲಿ ನಾಲ್ಕು, ಅಂಡಾಕಾರದ ಉದ್ದ ಮತ್ತು ಅಗಲದ ತುದಿಗಳಲ್ಲಿರುವವು, ಚಕ್ರವರ್ತಿಗೆ, ಗಣ್ಯರಿಗೆ ಮತ್ತು ಆಟದ ಮೆರವಣಿಗೆಗೆ. ಅವಕ್ಕೆ ಅಂಕಿ ಇಲ್ಲ. ಉಳಿದ 76ಕ್ಕೂ ನೆತ್ತಿಯ ಮೇಲೆ ರೋಮನ್ ಅಂಕಿ ಕೆತ್ತಿದ್ದರು. ಉತ್ತರದ ಕಡೆ ಹೊರಗೋಡೆ ನಿಂತಿರುವಲ್ಲಿ 23ರಿಂದ 54ರವರೆಗಿನ ಅಂಕಿಗಳನ್ನು ಈಗಲೂ ಓದಬಹುದು. ಒಂದೊಂದು ಕಮಾನು ಸುಮಾರು 4.2 ಮೀಟರ್ ಅಗಲ, 7 ಮೀಟರ್ ಎತ್ತರ.

ಈ ಅಂಕಿಗಳ ಮಹತ್ವ ನನಗೆ ತಿಳಿದಿದ್ದು ಒಳಗಿನ ಮೆಟ್ಟಿಲು ಹತ್ತುವಾಗ. ಮೆಟ್ಟಿಲುಗಳು ಕಡಿದಾಗಿವೆ, ಎರಡೂ ಕಡೆ ಗೋಡೆ, ಹತ್ತುವಾಗ ಅಖಾಡ ಕಾಣುವುದೇ ಇಲ್ಲ. ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಎಂದು ಒಳಗೆ ನಿಂತವನಿಗೆ ಗೊತ್ತಾಗುವ ಹಾಗಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಒಬ್ಬ ಪ್ರೇಕ್ಷಕ ತೀರ್ಮಾನ ಮಾಡಬೇಕಾದದ್ದು ಒಂದೇ ಕಡೆ, ಹೊರಗೆ, ಬಯಲಿನಲ್ಲಿ, ತನ್ನ ಬಾಗಿಲು ಯಾವುದು ಎಂದು. ಸರಿಯಾದ ಕಮಾನಿನಲ್ಲಿ ಒಳಹೊಕ್ಕರೆ ಮುಂದಿನ ದಾರಿಯನ್ನು ಗೋಡೆಗಳೇ ನೋಡಿಕೊಳ್ಳುತ್ತಿದ್ದವು. ಮೇಲಿನ ಅಂತಸ್ತಿಗೆ ಹೋಗುವವನ ಮೆಟ್ಟಿಲು ಕೆಳಗಿನ ಆಸನಗಳ ಹತ್ತಿರ ಸುಳಿಯುತ್ತಿರಲಿಲ್ಲ. ಜನಜಂಗುಳಿಯಲ್ಲಿ ಅನಾಹುತ ಆಗುವುದು ಸಾಮಾನ್ಯವಾಗಿ ಎದುರುಬದುರು ಹೋಗುವವರು ಸೇರುವ ಜಾಗದಲ್ಲಿ, ಮುಂದೆ ಯಾವ ಕಡೆ ಎಂದು ತಿಳಿಯದೆ ನಿಂತವರ ಮೇಲೆ ಹಿಂದಿನವರು ಬೀಳುವ ಜಾಗದಲ್ಲಿ. ಕೊಲೋಸಿಯಂ ವಿನ್ಯಾಸ ಮಾಡಿದವರು ಅಂಥ ಜಾಗಗಳನ್ನು ಕಟ್ಟಡದ ಒಳಗೆ ಆದಷ್ಟು ಇಲ್ಲವಾಗಿಸಿದ್ದರು. 50 ಸಾವಿರ ಜನ ಎಂದು ಇಟ್ಟುಕೊಂಡರೂ 76 ಬಾಗಿಲಿಗೆ ಹಂಚಿದರೆ ಒಂದಕ್ಕೆ ಬರುವುದು ಸುಮಾರು 660 ಜನ. ನಾಲ್ಕು ಮೀಟರ್ ಅಗಲದ ದಾರಿಗೆ ಅದು ದೊಡ್ಡ ಸಂಖ್ಯೆಯೇನಲ್ಲ.

50 ಸಾವಿರ ಎಂಬ ಲೆಕ್ಕ ಎಲ್ಲಿಂದ ಬಂತು ಎಂಬುದೂ ಒಂದು ಒಳ್ಳೆಯ ಕಥೆ. ನಾಲ್ಕನೆಯ ಶತಮಾನದ ಒಂದು ರೋಮನ್ ದಾಖಲೆ ಈ ಕಟ್ಟಡದಲ್ಲಿ 87,000 ಸ್ಥಳಗಳಿವೆ ಎನ್ನುತ್ತದೆ. ಅದನ್ನು 87,000 ಜನ ಎಂದು ಓದುವ ಮೊದಲು ಇನ್ನೊಂದು ಕಲ್ಲನ್ನು ನೋಡಬೇಕು. ಉದ್ಘಾಟನೆಯಾದ ವರ್ಷವೇ, ಅಂದರೆ 80ರಲ್ಲಿ, ಅರ್ವಾಲ್ ಬಂಧುಗಳು ಎಂಬ ಪುರೋಹಿತರ ಸಂಘ ತನಗೆ ಸಿಕ್ಕ ಆಸನಗಳ ವಿವರವನ್ನು ಶಾಸನದಲ್ಲಿ ಬರೆಸಿಕೊಂಡಿತು. ಅದರಲ್ಲಿ ಇಂತಿಷ್ಟು ಆಸನ ಎಂದಿಲ್ಲ. ಇಂಥ ಅಂತಸ್ತು, ಇಂಥ ಭಾಗ, ಇಷ್ಟನೆಯ ಮೆಟ್ಟಿಲಿನಲ್ಲಿ ಇಷ್ಟು ಅಡಿ ಎಂದಿದೆ. ಮೊದಲ ಅಂತಸ್ತಿನ 12ನೇ ಭಾಗದ ಎಂಟು ಅಮೃತಶಿಲೆಯ ಮೆಟ್ಟಿಲುಗಳಲ್ಲಿ ಸೇರಿ ನಲವತ್ತೆರಡು ಅಡಿ ಚಿಲ್ಲರೆ, ಅದರ ಮೇಲೆ ಇನ್ನೊಂದು ಕಡೆ ಇಪ್ಪತ್ತೆರಡು ಅಡಿ ಚಿಲ್ಲರೆ, ಉಳಿದದ್ದೆಲ್ಲ ತುತ್ತತುದಿಯ ಮರದ ಮೆಟ್ಟಿಲುಗಳಲ್ಲಿ. ಒಟ್ಟು ಸುಮಾರು 130 ಅಡಿ. ಒಂದೇ ಸಂಘಕ್ಕೆ ಕೆಳಗಿನ ಅಮೃತಶಿಲೆಯೂ ಬಂತು, ನೆತ್ತಿಯ ಮರವೂ ಬಂತು. ಸದಸ್ಯರು ಕೆಳಗೆ, ಅವರ ಆಳುಕಾಳುಗಳು ಮೇಲೆ ಕೂರುತ್ತಿದ್ದರು ಎಂದು ಊಹಿಸಿದರೆ ತಪ್ಪಾಗಲಾರದು.

ಆಸನವನ್ನು ಅಡಿಯಲ್ಲಿ ಅಳೆದು ಹಂಚುತ್ತಿದ್ದರೆಂದ ಮೇಲೆ ಆ 87,000 ಕೂಡ ಅಡಿಗಳೇ ಇರಬಹುದು. ರೋಮನ್ ಅಡಿ ನಮ್ಮ ಅಡಿಗಿಂತ ಸ್ವಲ್ಪ ಚಿಕ್ಕದು, 29.6 ಸೆಂಟಿಮೀಟರ್. 87,000 ಅಡಿ ಎಂದರೆ ಹತ್ತಿರಹತ್ತಿರ 25,750 ಮೀಟರ್ ಉದ್ದದ ಕಲ್ಲುಬೆಂಚು. ಒಬ್ಬರಿಗೆ ಅರ್ಧ ಮೀಟರ್ ಕೊಟ್ಟರೆ 51 ಸಾವಿರ ಚಿಲ್ಲರೆ ಜನ. ಭುಜಕ್ಕೆ ಭುಜ ತಾಗಿಸಿ 40 ಸೆಂಟಿಮೀಟರಿನಲ್ಲಿ ಕೂರಿಸಿದರೆ 64 ಸಾವಿರ. ವಿದ್ವಾಂಸರು ಸಾಮಾನ್ಯವಾಗಿ ಹೇಳುವ 50 ಸಾವಿರದ ಆಸುಪಾಸಿಗೇ ಈ ಲೆಕ್ಕವೂ ಬಂದು ನಿಲ್ಲುವುದರಿಂದ ನನಗೆ ಈ ಓದು ಒಪ್ಪಿಗೆಯಾಗುತ್ತದೆ.

ಈ ಅಚ್ಚುಕಟ್ಟಿನ ಹಿಂದೆ ಎರಡು ಕಾರಣಗಳಿದ್ದವು, ಎರಡನ್ನೂ ಒಟ್ಟಿಗೆ ಹೇಳಬೇಕು. ಒಂದು ಭಯ. ಕ್ರಿ.ಶ. 27ರಲ್ಲಿ ರೋಮಿನ ಹತ್ತಿರದ ಫಿಡೇನೆ ಎಂಬ ಊರಿನಲ್ಲಿ ಅಟಿಲಿಯಸ್ ಎಂಬವನು ಅಡಿಪಾಯ ಗಟ್ಟಿಮಾಡದೆ ಕಟ್ಟಿದ ಮರದ ರಂಗಭೂಮಿ ತುಂಬಿದ ಜನರ ಸಮೇತ ಕುಸಿದಿತ್ತು. ಸತ್ತವರೂ ಕೈಕಾಲು ಕಳೆದುಕೊಂಡವರೂ ಸೇರಿ 50 ಸಾವಿರ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ, ಸತ್ತವರೇ 20 ಸಾವಿರದ ಮೇಲೆ ಎಂದು ಸ್ಯೂಟೋನಿಯಸ್. ಅಂಕಿ ಉತ್ಪ್ರೇಕ್ಷೆಯೇ ಇರಲಿ, ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ ಕೊಲೋಸಿಯಂ ಕೆಲಸ ಶುರುವಾಯಿತು. ನೀರೋನ ಕೃತಕ ಕೆರೆಯಿದ್ದ ತಗ್ಗಿನಲ್ಲಿ ಹನ್ನೆರಡು ಮೀಟರಿನಷ್ಟು ದಪ್ಪದ ಕಾಂಕ್ರೀಟ್ ಅಡಿಪಾಯವನ್ನು ಅವರು ಸುಮ್ಮನೆ ಹಾಕಲಿಲ್ಲ.

ಇನ್ನೊಂದು ಕಾರಣ ಸಾಮಾಜಿಕ ಸ್ಥಾನಮಾನ. ಪುಟಿಯೋಲಿ ಎಂಬ ಊರಿನ ಆಟದಲ್ಲಿ ತಡವಾಗಿ ಬಂದ ಒಬ್ಬ ಸೆನೆಟರಿಗೆ ಯಾರೂ ಜಾಗ ಬಿಡಲಿಲ್ಲವಂತೆ. ಆ ಸಿಟ್ಟಿಗೆ ಆಗಸ್ಟಸ್ ಚಕ್ರವರ್ತಿ ಯಾರು ಎಲ್ಲಿ ಕೂರಬೇಕೆಂದು ಕಟ್ಟುನಿಟ್ಟು ಮಾಡಿದ. ಸೆನೆಟರುಗಳು ಅಖಾಡದ ಅಂಚಿಗೆ, ನಂತರ ಶ್ರೀಮಂತ ಅಶ್ವಾರೋಹಿ ವರ್ಗ, ನಂತರ ಬಿಳಿ ಟೋಗಾ ಉಟ್ಟ ನಾಗರಿಕರು. ಕಪ್ಪು ಮಾಸಲು ಬಟ್ಟೆಯವರಿಗೆ ಮಧ್ಯದ ಸಾಲುಗಳಲ್ಲಿ ಜಾಗವಿಲ್ಲ. ಹೆಂಗಸರು, ವೆಸ್ಟಾ ದೇವಿಯ ಕನ್ಯೆಯರನ್ನು ಬಿಟ್ಟು, ಎಲ್ಲರಿಗಿಂತ ಮೇಲೆ. ಕೊಲೋಸಿಯಂನಲ್ಲಿ ಈ ಕಟ್ಟಳೆ ಕಲ್ಲಾಯಿತು. ಬಡವ ಹತ್ತುವ ಮೆಟ್ಟಿಲು ಶ್ರೀಮಂತನ ದಾರಿಗೆ ಅಡ್ಡ ಬರದಿದ್ದದ್ದು ಕಾಲ್ತುಳಿತ ತಪ್ಪಿಸಲು ಎಷ್ಟೋ, ಇಬ್ಬರೂ ಮುಖಾಮುಖಿ ಆಗದಿರಲು ಅಷ್ಟೇ. ಸುರಕ್ಷತೆಯನ್ನು ಮಾತ್ರ ಹೊಗಳಿ ಈ ವಿಂಗಡಣೆಯನ್ನು ಮರೆಯುವುದು ನನಗೆ ಅನ್ಯಾಯ ಅನಿಸುತ್ತದೆ, ಏಕೆಂದರೆ ಎರಡನ್ನೂ ಮಾಡಿದ್ದು ಅದೇ ಗೋಡೆ.

ನೆತ್ತಿಯ ಸಾಲು ತೂತುಗಳು

ಭಾವ ತೋರಿಸಿದ ತೂತುಗಳ ವಿಷಯಕ್ಕೆ ಬರುತ್ತೇನೆ. ಸುಮಾರು 48 ಮೀಟರ್ ಎತ್ತರದ ಹೊರಗೋಡೆಯ ನಾಲ್ಕನೆಯ ಅಂತಸ್ತಿನಲ್ಲಿ ಕಮಾನುಗಳಿಲ್ಲ, ಗೋಡೆ ಮಾತ್ರ. ಅದರಲ್ಲಿ ಕಿಟಕಿಗಳಿಗಿಂತ ಮೇಲೆ ಕಲ್ಲಿನ ಚಾಚುಗಳು ಹೊರಕ್ಕೆ ಬಂದಿವೆ. ಕೆಳಗಿನ ಒಂದೊಂದು ಕಮಾನಿನ ಅಳತೆಗೆ ಮೂರು ಮೂರು, ಸುತ್ತಲೂ ಲೆಕ್ಕ ಹಾಕಿದರೆ 240. ಪ್ರತಿ ಚಾಚಿಗೂ ನೇರ ಮೇಲೆ, ಗೋಡೆಯ ಅಂಚುಪಟ್ಟಿಯಲ್ಲಿ ಒಂದೊಂದು ತೂತು. ಮರದ ಕಂಬವೊಂದನ್ನು ಮೇಲಿನ ತೂತಿನಿಂದ ಇಳಿಬಿಟ್ಟರೆ ಅದರ ಬುಡ ಬಂದು ಈ ಚಾಚುಗಲ್ಲಿನ ಮೇಲೆ ಕೂರುತ್ತದೆ. ಕಂಬದ ತಲೆ ಗೋಡೆಗಿಂತ ಮೇಲೆ ನಿಲ್ಲುತ್ತದೆ, ಸೊಂಟವನ್ನು ಅಂಚುಪಟ್ಟಿ ಹಿಡಿದುಕೊಳ್ಳುತ್ತದೆ. ಹಗ್ಗ ತಲೆಯನ್ನು ಅಖಾಡದ ಕಡೆಗೆ ಎಳೆದಾಗ ಸೊಂಟ ಕಲ್ಲಿಗೆ ಒತ್ತಿಕೊಳ್ಳುತ್ತದೆ. ಗೋಡೆ ಎಷ್ಟು ಭಾರವಿದೆಯೋ ಕಂಬ ಅಷ್ಟು ಭದ್ರ.

ಈ ಕಂಬಗಳಿಂದ ಒಳಕ್ಕೆ ಹಾಸಿದ್ದೇ ವೆಲಾರಿಯಂ, ಪ್ರೇಕ್ಷಕರ ತಲೆಯ ಮೇಲಿನ ಬಟ್ಟೆಯ ಚಪ್ಪರ. ಇದು ಇಡೀ ಕಟ್ಟಡವನ್ನು ಮುಚ್ಚುತ್ತಿರಲಿಲ್ಲ, ನಡುವೆ ಬಯಲು ಬಿಟ್ಟು ಸುತ್ತಲಿನ ಮೆಟ್ಟಿಲುಗಳಿಗೆ ನೆರಳು ಕೊಡುತ್ತಿತ್ತು. ಹೇಗೆ ಹಾಸಿದರು ಎನ್ನುವುದರಲ್ಲಿ ಎರಡು ಪಕ್ಷಗಳಿವೆ. ಕಂಬಗಳಿಂದ ಹೊರಟ ಹಗ್ಗಗಳೆಲ್ಲ ನಡುವಿನಲ್ಲಿ ಒಂದು ದೊಡ್ಡ ಹಗ್ಗದ ಬಳೆಗೆ ಸೇರುತ್ತಿದ್ದವು, ಎಲ್ಲ ಕಡೆಯ ಎಳೆತ ಸಮವಾಗಿ ಬಳೆ ಗಾಳಿಯಲ್ಲಿ ನಿಲ್ಲುತ್ತಿತ್ತು, ಬಟ್ಟೆ ಆ ಹಗ್ಗಗಳ ಮೇಲೆ ಜಾರುತ್ತಿತ್ತು ಎಂಬುದು ಒಂದು. ಕಂಬಗಳಿಗೆ ಒಳಕ್ಕೆ ಚಾಚಿದ ಅಡ್ಡಮರಗಳಿದ್ದು ಬಟ್ಟೆ ಅವುಗಳ ಮೇಲೆ ಹರಡಿಕೊಳ್ಳುತ್ತಿತ್ತು ಎಂಬುದು ಇನ್ನೊಂದು. ಪಾಂಪೇಯಲ್ಲಿ ಸಿಕ್ಕ, 59ರ ಗಲಭೆಯನ್ನು ತೋರಿಸುವ ಗೋಡೆಚಿತ್ರದಲ್ಲಿ ಅಲ್ಲಿನ ರಂಗಭೂಮಿಯ ಮೇಲೆ ಇಂಥ ಬಟ್ಟೆ ಬಿಡಿಸಿದ್ದಾರೆ. ಆದರೆ ಚಿತ್ರಕಾರನಿಗೆ ಗಲಾಟೆ ಮುಖ್ಯವಾಗಿತ್ತು, ಹಗ್ಗದ ಗಂಟುಗಳಲ್ಲ.

ಕಟ್ಟಡದ ಪೂರ್ವಕ್ಕೆ, ಗೋಡೆಯಿಂದ ಸುಮಾರು 18 ಮೀಟರ್ ದೂರದಲ್ಲಿ ನೆಟ್ಟ ಐದು ಕಲ್ಲುಗಳು ಉಳಿದಿವೆ. ಅವುಗಳಿಗೂ ಕಟ್ಟಡದ ಕಡೆಗಿನ ಮೈಯಲ್ಲಿ ತೂತುಗಳು. ಕೆಲವರು ಅವು ಚಪ್ಪರದ ಹಗ್ಗಗಳನ್ನು ಬಿಗಿಯುವ ಗೂಟಗಳು ಎಂದರು. ಅಷ್ಟು ಎಳೆತ ತಡೆಯುವಷ್ಟು ಆಳಕ್ಕೆ ಅವನ್ನು ಹೂತಿಲ್ಲ, ಅವು ಜನರನ್ನು ತಡೆದು ಬಿಡುವ ಬೇಲಿಯ ಕಂಬಗಳು ಎಂದು ಉಳಿದವರು. ನಾನು ಎರಡನೆಯವರ ಕಡೆ. ಬಾಗಿಲಿನ ಅಂಕಿ ಓದಿ ಸರಿಯಾದ ಕಡೆಗೆ ತಿರುಗಬೇಕಾದರೆ ಗೋಡೆಯ ಮುಂದೆ ಓಡಾಡಲು ಜಾಗ ಬೇಕು, ಆ ಜಾಗಕ್ಕೊಂದು ಗಡಿ ಬೇಕು. ಆ ಕಲ್ಲುಗಳ ಒಳಗಿನ ನೆಲಕ್ಕೆ ಚಪ್ಪಡಿ ಹಾಸಿರುವುದೂ ಇದಕ್ಕೆ ಹೊಂದುತ್ತದೆ.

ಚಪ್ಪರ ಎಳೆಯುತ್ತಿದ್ದವರು ಯಾರು ಎನ್ನುವುದರಲ್ಲಿ ಮಾತ್ರ ಗೊಂದಲವಿಲ್ಲ. ನೇಪಲ್ಸ್ ಹತ್ತಿರದ ಮಿಸೇನಮ್ ನೌಕಾನೆಲೆಯ ನಾವಿಕರ ಒಂದು ಪಾಳೆಯ ಕೊಲೋಸಿಯಂ ಸಮೀಪದಲ್ಲೇ ಇತ್ತು. ಹಾಯಿ, ಹಗ್ಗ, ಗಾಳಿ ಮೂರನ್ನೂ ಬಲ್ಲವರು ಅವರೇ. ಗಾಳಿಯನ್ನು ಬಲ್ಲವರೇ ಬೇಕಾಗಿತ್ತು, ಏಕೆಂದರೆ ಇಷ್ಟು ಅಗಲದ ಬಟ್ಟೆಗೆ ಬಿಸಿಲಿಗಿಂತ ಗಾಳಿ ದೊಡ್ಡ ಶತ್ರು. ಕವಿ ಮಾರ್ಷಲ್ ಅಗಲ ಅಂಚಿನ ಟೋಪಿಯ ಮೇಲೆ ಬರೆದ ಎರಡು ಸಾಲಿನ ಪದ್ಯದಲ್ಲಿ, ರೋಮಿನಲ್ಲಿ ಸೇನಾಪತಿ ಪಾಂಪೆ ಕಟ್ಟಿಸಿದ ರಂಗಮಂದಿರಕ್ಕೆ ಈ ಟೋಪಿ ಹಾಕಿಕೊಂಡೇ ಬರುತ್ತೇನೆ, ಗಾಳಿ ಜನರಿಗೆ ಚಪ್ಪರ ಸಿಗಗೊಡುವುದಿಲ್ಲವಲ್ಲ ಎನ್ನುತ್ತಾನೆ. ಪಾಂಪೇ ಊರಿನ ಗೋಡೆಗಳಲ್ಲಿ ಆಟದ ಜಾಹೀರಾತು ಬರೆಯುವಾಗ 'ಚಪ್ಪರ ಇರುತ್ತದೆ' ಎಂದು ಬೇರೆಯಾಗಿ ನಮೂದಿಸುತ್ತಿದ್ದರು. ಎಲ್ಲ ದಿನವೂ ಇರುತ್ತಿದ್ದರೆ ಹಾಗೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ನೆರಳು ಕೊಡುವವನ ಕೈಯಲ್ಲಿ ನೆರಳು ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ. ಕೊಲೋಸಿಯಂ ಹುಟ್ಟುವುದಕ್ಕೂ ಮುಂಚೆ ಕ್ಯಾಲಿಗುಲ ಚಕ್ರವರ್ತಿ ಉರಿಬಿಸಿಲಿನಲ್ಲಿ ಚಪ್ಪರ ಸರಿಸಿ, ಯಾರನ್ನೂ ಹೊರಗೆ ಬಿಡಬಾರದೆಂದು ಆಜ್ಞೆ ಮಾಡುತ್ತಿದ್ದನಂತೆ. ಇನ್ನು ಮುಂದಿನ ಕಾಲದ ಚಕ್ರವರ್ತಿ ಕೊಮೊಡಸ್, ತಾನು ಕತ್ತಿವರಸೆ ಮಾಡುವಾಗ ಜನ ನಗುತ್ತಿದ್ದಾರೆಂದು ಅನುಮಾನಪಟ್ಟು, ಚಪ್ಪರ ಎಳೆಯುವ ನಾವಿಕರಿಗೇ ಪ್ರೇಕ್ಷಕರನ್ನು ಕೊಲ್ಲಲು ಹೇಳಿದ ಎಂದು ಅವನ ಹಳೆಯ ಚರಿತ್ರೆಯೊಂದು ಹೇಳುತ್ತದೆ. ಆ ಗ್ರಂಥವನ್ನು ಪೂರ್ತಿ ನಂಬುವ ಹಾಗಿಲ್ಲ. ಆದರೂ ತಲೆಯ ಮೇಲೆ ಹಗ್ಗ ಹಿಡಿದು ನಿಂತವರು ಸೈನಿಕರು ಎಂಬುದನ್ನು ಕೆಳಗೆ ಕುಳಿತವರು ಮರೆತಿರಲಾರರು.

ಅಖಾಡದ ಕೆಳಗೆ

ನೆಲಮಾಳಿಗೆಗೆ ಇಳಿದಾಗ ನನಗೆ ಮೊದಲು ತಟ್ಟಿದ್ದು ಇಕ್ಕಟ್ಟು. ಮೇಲಿಂದ ನೋಡಿದರೆ ಗೋಡೆಗಳ ಚಕ್ರವ್ಯೂಹ, ಒಳಗೆ ನಿಂತರೆ ಎರಡು ಕೈ ಚಾಚಲು ಜಾಗ ಹುಡುಕಬೇಕು. ಉದ್ಘಾಟನೆಯ ಕಾಲಕ್ಕೆ ಈ ಗೋಡೆಗಳಿರಲಿಲ್ಲ. ಟೈಟಸ್ ಅಖಾಡಕ್ಕೆ ನೀರು ತುಂಬಿಸಿ ಆಟ ಆಡಿಸಿದ ಎಂದು ಇತಿಹಾಸಕಾರ ಡಿಯೋ ಬರೆಯುತ್ತಾನೆ. ಟೈಟಸ್‌ನ ತಮ್ಮ ಡೊಮಿಷಿಯನ್ ಕಾಲದಲ್ಲಿ ಈ ಕೆಳಲೋಕ ಎದ್ದ ಮೇಲೆ ನೀರಿನ ಆಟಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. ಸುಮಾರು ಆರು ಮೀಟರ್ ಆಳ, ಎರಡು ಅಂತಸ್ತು, ಅದರ ಮೇಲೆ ಮರದ ಹಲಗೆಯ ನೆಲ, ಹಲಗೆಯ ಮೇಲೆ ಮರಳು.

ಈ ಗೋಡೆಗಳನ್ನು ವರ್ಷಗಟ್ಟಲೆ ಅಳೆದವರು ಜರ್ಮನ್ ಪುರಾತತ್ವ ಸಂಸ್ಥೆಯ ಹೈಂಟ್ಸ್-ಯುರ್ಗೆನ್ ಬೆಸ್ಟೆ. 1990ರ ದಶಕದಲ್ಲಿ ಅವರು ಕೆಲಸ ಶುರುಮಾಡಿದಾಗ ಅಲ್ಲಿದ್ದದ್ದು ಅರ್ಥವಾಗದ ಗುರುತುಗಳ ರಾಶಿ. ಗೋಡೆಗಳಲ್ಲಿ ಕೊರೆದ ಲಂಬವಾದ ಜಾಡುಗಳು, ನೆಲದ ಕಲ್ಲಿನಲ್ಲಿ ದುಂಡನೆಯ ಕುಳಿಗಳು, ಆ ಕುಳಿಯ ಪಕ್ಕದ ಗೋಡೆಯಲ್ಲಿ ಅರ್ಧಚಂದ್ರದಂತೆ ಕೆತ್ತಿದ ಭಾಗ. ಒಂದೊಂದಾಗಿ ನೋಡಿದರೆ ಇವು ಏನೂ ಹೇಳುವುದಿಲ್ಲ. ಒಟ್ಟಿಗೆ ನೋಡಿದರೆ ಯಂತ್ರ ಎದ್ದು ನಿಲ್ಲುತ್ತದೆ. ಕುಳಿಯಲ್ಲಿ ನಿಂತದ್ದು ತಿರುಗುವ ಮರದ ಕಂಬ. ಕಂಬಕ್ಕೆ ಅಡ್ಡ ತೋಳುಗಳು, ಆ ತೋಳುಗಳು ಇಕ್ಕಟ್ಟಿನ ಓಣಿಯಲ್ಲಿ ಗೋಡೆಗೆ ತಾಗದೆ ಸುತ್ತಲಿ ಎಂದು ಗೋಡೆಯನ್ನೇ ಅರ್ಧಚಂದ್ರವಾಗಿ ಕೊರೆದರು. ಲಂಬವಾದ ಜಾಡುಗಳಲ್ಲಿ ಪಂಜರ ಮೇಲೆ ಕೆಳಗೆ ಜಾರುತ್ತಿತ್ತು. ಗಾಣದ ಸುತ್ತ ಎತ್ತು ನಡೆದ ಹಾಗೆ ಮನುಷ್ಯರು ಕಂಬದ ಸುತ್ತ ನಡೆದರೆ ಹಗ್ಗ ಕಂಬಕ್ಕೆ ಸುತ್ತಿಕೊಂಡು ರಾಟೆಯ ಮೂಲಕ ಪಂಜರವನ್ನು ಎತ್ತುತ್ತಿತ್ತು.

ಕೆಲಸ ಎಷ್ಟಿತ್ತು ಎಂದು ಕಾಗದದ ಮೇಲೆ ಹಾಕಿ ನೋಡಿದೆ. ಹಗ್ಗ ಸುತ್ತುವ ಕಂಬ 30 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಗ್ಗ ಎದ್ದು ಬರುವುದು ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಆರು ಮೀಟರ್ ಎತ್ತಲು ಆರೂವರೆ ಸುತ್ತು. ತೋಳು ಒಂದೂವರೆ ಮೀಟರ್ ಉದ್ದವಿದ್ದರೆ ತಳ್ಳುವವನು ಒಂದು ಮೃಗಕ್ಕಾಗಿ ಸುಮಾರು 60 ಮೀಟರ್ ನಡೆಯಬೇಕು, ಅದೂ ಕತ್ತಲಲ್ಲಿ, ದೀಪದ ಹೊಗೆಯಲ್ಲಿ, ಪಕ್ಕದ ಪಂಜರದ ಮೃಗದ ಉಸಿರು ತಾಗುವಷ್ಟು ಹತ್ತಿರದಲ್ಲಿ. ತೋಳು ಉದ್ದವಾದಷ್ಟೂ ತಳ್ಳುವುದು ಹಗುರ, ಆದರೆ ಓಣಿಯ ಅಗಲ ಅದಕ್ಕೆ ಮಿತಿ ಹಾಕುತ್ತದೆ. ಅರ್ಧಚಂದ್ರದ ಕೆತ್ತನೆ ಆ ಮಿತಿಯನ್ನು ಇನ್ನಷ್ಟು ಹಿಗ್ಗಿಸುವ ಯತ್ನ.

2015ರಲ್ಲಿ ಒಂದು ಸಾಕ್ಷ್ಯಚಿತ್ರಕ್ಕಾಗಿ ಇಂಥದೊಂದು ಲಿಫ್ಟನ್ನು ಮರದಲ್ಲಿ ಮತ್ತೆ ಕಟ್ಟಿ ಅಲ್ಲೇ ನಿಲ್ಲಿಸಿದರು. ಎರಡು ಅಂತಸ್ತಿನಲ್ಲಿ ನಾಲ್ಕು ನಾಲ್ಕು ಜನ, ಒಟ್ಟು ಎಂಟು ಜನ ತಿರುಗಿಸಿದರೆ ಸುಮಾರು 300 ಕಿಲೋ ಏಳುತ್ತದೆ. ಪರೀಕ್ಷೆಗೆ ಒಂದು ತೋಳವನ್ನು ಮೇಲೆ ಕಳಿಸಿದರು. ಆರಂಭದ ಹಂತದಲ್ಲಿ ಇಂಥ 28 ಲಿಫ್ಟುಗಳಿದ್ದವು ಎಂಬುದು ಈಗಿನ ಲೆಕ್ಕ. ಎಲ್ಲವೂ ಒಟ್ಟಿಗೆ ಏಳಬೇಕಾದರೆ ತಿರುಗಿಸುವವರೇ 224 ಜನ. ಅವರಿಗೆ ಮೇಲಿನ ಆಟ ಕಾಣುತ್ತಿರಲಿಲ್ಲ. ಯಾರೋ ಕೊಟ್ಟ ಸಂಜ್ಞೆಗೆ ಸುತ್ತಲು ಶುರುಮಾಡಬೇಕು, ಪಂಜರ ತುದಿ ಮುಟ್ಟುವ ಹೊತ್ತಿಗೆ ಅಖಾಡದ ಹಲಗೆಬಾಗಿಲು ತೆರೆದಿರಬೇಕು. ಒಬ್ಬ ತಡವಾದರೆ ಹೆದರಿದ ಚಿರತೆ ಮುಚ್ಚಿದ ಬಾಗಿಲಿನ ಕೆಳಗೆ ನಿಲ್ಲುತ್ತದೆ. ಮೇಲೆ ಕುಳಿತವರಿಗೆ ಮಾತ್ರ ಖಾಲಿ ಮರಳಿನಿಂದ ಮೃಗ ಹುಟ್ಟಿ ಬಂದ ಹಾಗೆ ಕಾಣುತ್ತಿತ್ತು. ಆ ಬೆರಗಿನ ಕೊನೆಯಲ್ಲಿ ಸಾಯುತ್ತಿದ್ದದ್ದು ಆ ಮೃಗವೋ, ಎದುರು ನಿಂತ ಮನುಷ್ಯನೋ ಎಂಬುದನ್ನು ಮರೆತು ಈ ಯಂತ್ರವನ್ನು ಮೆಚ್ಚಲು ನನ್ನಿಂದ ಆಗಲಿಲ್ಲ.

ಮರಕ್ಕೆ ಹತ್ತಿದ ಬೆಂಕಿ

ಕಲ್ಲಿನ ಕಟ್ಟಡದ ದುರ್ಬಲ ಜಾಗಗಳು ಎರಡು, ನೆತ್ತಿ ಮತ್ತು ಬುಡ, ಎರಡೂ ಕಡೆ ಮರ. ಇದು ಬಯಲಾದದ್ದು 217ರಲ್ಲಿ. ಬೆಂಕಿಯ ದೇವತೆ ವಲ್ಕನ್ನನ ಹಬ್ಬದ ದಿನವೇ ಸಿಡಿಲು ಬಡಿಯಿತು ಎಂದು, ಆ ಕಾಲದಲ್ಲೇ ಬದುಕಿದ್ದ ಡಿಯೋ ಬರೆಯುತ್ತಾನೆ. ಮೇಲಿನ ಸುತ್ತು ಪೂರ್ತಿ, ಅಖಾಡದ ಸುತ್ತಮುತ್ತಲಿನದೆಲ್ಲ ಸುಟ್ಟುಹೋಯಿತು. ಊರಿನ ನೀರೆಲ್ಲ ತಂದು ಸುರಿದರೂ, ಜೋರು ಮಳೆಯೇ ಬಂದರೂ ಆರಲಿಲ್ಲ. ವರ್ಷಗಟ್ಟಲೆ ಆಟಗಳನ್ನು ಬೇರೆ ಕ್ರೀಡಾಂಗಣದಲ್ಲಿ ನಡೆಸಬೇಕಾಯಿತು, ರಿಪೇರಿ ದಶಕಗಳ ಕಾಲ ಎಳೆಯಿತು. ಕೆಳಗೆ ಬೆಸ್ಟೆ ಗುರುತಿಸಿದ ಕಟ್ಟಡ ಹಂತಗಳು ಹನ್ನೆರಡು. ಒಂದೇ ಗೋಡೆಯಲ್ಲಿ ಹಳೆಯ ಜಾಡನ್ನು ಇಟ್ಟಿಗೆಯಿಂದ ಮುಚ್ಚಿ ಪಕ್ಕದಲ್ಲಿ ಹೊಸದು ಕೊರೆದಿದ್ದು ಕಂಡರೆ, ಈ ಯಂತ್ರಗಳನ್ನು ಶತಮಾನಗಳ ಕಾಲ ಬದಲಿಸುತ್ತಲೇ ಇದ್ದರು ಎಂದು ಅರ್ಥ.

523ರಲ್ಲಿ ಅಲ್ಲಿ ಕೊನೆಯ ಮೃಗಬೇಟೆಯ ದಾಖಲೆ ಸಿಗುತ್ತದೆ. ನಂತರ ನೆಲಮಾಳಿಗೆಗೆ ಮಣ್ಣು ತುಂಬಿತು. ಮೇಲಿನ ಕಲ್ಲನ್ನೂ ಕಬ್ಬಿಣವನ್ನೂ ಜನ ಹೊತ್ತೊಯ್ದ ನೂರಾರು ವರ್ಷ ಆ ಮಣ್ಣೇ ಕೆಳಗಿನ ಗುರುತುಗಳನ್ನು ಕಾದಿತು. 19ನೆಯ ಶತಮಾನದಲ್ಲಿ ಅಗೆಯಲು ಶುರುಮಾಡಿ, 1930ರ ದಶಕದ ಕೊನೆಗೆ ಪೂರ್ತಿ ತೆರೆದರು. ಅಲ್ಲಿಂದೀಚೆಗೆ ಅವು ಮಳೆ ಬಿಸಿಲಿಗೆ ಒಡ್ಡಿಕೊಂಡಿವೆ. 2021ರಲ್ಲಿ ಅಖಾಡಕ್ಕೆ ಹೊಸ ಮರದ ನೆಲ ಹಾಕುವ ಯೋಜನೆಯೊಂದನ್ನು ಇಟಲಿ ಸರ್ಕಾರ ಆರಿಸಿತು, ಪಟ್ಟಿಗಳನ್ನು ತಿರುಗಿಸಿ ಕೆಳಕ್ಕೆ ಗಾಳಿ ಬೆಳಕು ಬಿಡಬಹುದಾದ ನೆಲ. ಅಖಾಡ ಮುಚ್ಚಿದರೆ ನೋಡುವುದಕ್ಕೆ ಏನುಳಿಯಿತು ಎಂದು ಭಾವ ಕೇಳಿದರು. ನಾನು ಆ ಯೋಜನೆಯ ಪರ. ಕುಳಿಗಳಲ್ಲಿ ಮಳೆನೀರು ನಿಂತು ಗೋಡೆಯ ಜಾಡುಗಳ ಅಂಚು ಸವೆದರೆ, ಪಂಜರ ಯಾವ ಕಡೆಯಿಂದ ಏರಿತು, ತೋಳು ಎಲ್ಲಿ ತಿರುಗಿತು ಎಂದು ಮತ್ತೆ ಅಳೆಯಲು ಬರುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ.